ಒಂದೇ ಸೂಜಿಗೆ ಎರಡು ಚೀಟಿ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಅಕ್ಕ ಮಾತು ಕಡಿಮೆ ಮಾಡುತ್ತಾರೆ. ತುಟಿಗಳ ನಡುವೆ ಗುಂಡುಸೂಜಿಗಳಿರುತ್ತವೆ. ಅರ್ಥಶಾಸ್ತ್ರ ವಿಭಾಗದ ಕೋಣೆಯ ಗೋಡೆಗೆ ಒರಗಿಸಿದ ಮೆತ್ತನೆಯ ಹಲಗೆಯ ಮೇಲೆ, ಬಣ್ಣದ ಚೀಟಿಗಳಲ್ಲಿ, ವೇಳಾಪಟ್ಟಿ ನಿಧಾನವಾಗಿ ಅರಳುತ್ತದೆ. ಚೀಟಿ ಹಾರಬಾರದೆಂದು ಫ್ಯಾನ್ ಆರಿಸಿರುತ್ತಾರೆ. ನಾವೆಲ್ಲ ಬೆವರುತ್ತೇವೆ.

ವಿಭಾಗದವರೆಲ್ಲ ಅಕ್ಕ ಎನ್ನುವ ಅವರು ಸಂಖ್ಯಾಶಾಸ್ತ್ರ ಕಲಿಸುವವರು. ನಾನು ವಿಭಾಗಕ್ಕೆ ಹೊಸಬಳು, ಚೀಟಿ ಕತ್ತರಿಸುವವಳು. ಎರಡು ಪತ್ರಿಕೆಗಳನ್ನೂ ಬರೆಯುವವನು ಒಬ್ಬನೇ ವಿದ್ಯಾರ್ಥಿಯಾದರೂ ಅವೆರಡು ಒಂದೇ ಹೊತ್ತಿಗೆ ಬೀಳಬಾರದು, ಸಾಧ್ಯವಾದರೆ ಒಂದೇ ದಿನವೂ ಬೀಳಬಾರದು. ಹೀಗೆಂದು ಹೇಳಿಕೊಡುವಾಗ ಅವರ ದನಿಯಲ್ಲಿ ಮಗುವಿಗೆ ತುತ್ತು ಕಲಸುವ ಎಚ್ಚರವಿತ್ತು.

ಮೂಲೆಯ ಮೇಜಿನ ಹಿರಿಯರನ್ನು ನಾವು ಗೊಣಗು ಸಾರ್ ಎನ್ನುತ್ತೇವೆ. ಅವರಿಗೂ ಗೊತ್ತು.

"ನಿಂತ್ರೆ ಮಂಡಿ ನೋಯುತ್ತೆ, ಕೂತ್ರೆ ಮರ್ಯಾದೆ ನೋಯುತ್ತೆ. ಶನಿವಾರ ಮಾತ್ರ ನಂಗೆ ಡ್ಯೂಟಿ ಹಾಕ್ಬೇಡಿ ತಾಯಿ. ಅವತ್ತು ನನ್ನ ನಿದ್ದೆಗೆ ಮೀಸಲು."

ಅಕ್ಕ ಸೂಜಿಗಳ ನಡುವಿನಿಂದ ಹ್ಞೂಂ ಎಂದರು. ತಮಗೆಂದು ಅವರು ಈ ಸಲ ಬಿಡುವಿಟ್ಟುಕೊಂಡಿದ್ದು ಶುಕ್ರವಾರ ಮಧ್ಯಾಹ್ನ ಮಾತ್ರ. ಮಗಳ ಶಾಲೆಯಲ್ಲಿ ನಾಟಕ, ಅವಳು ನದಿ. ಹಿಂದಿನ ನಾಟಕಗಳಲ್ಲಿ ಮರವೂ ಮೋಡವೂ ಆಗಿದ್ದಳು. ಎರಡನ್ನೂ ಅಮ್ಮ ನೋಡಿರಲಿಲ್ಲ, ಪರೀಕ್ಷೆಯ ಕಾಲವಾದ್ದರಿಂದ. ಈ ಸಲ ಬರುತ್ತೇನೆಂದು ಮಾತು ಕೊಟ್ಟಿದ್ದರು.

ಕರಡು ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಿದ ಮರುದಿನ ಕೊನೆಯ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಳು.

"ಮೇಡಂ, ಗುರುವಾರ ಬೆಳಗ್ಗೆ ನಂಗೆ ಎರಡು ಪೇಪರ್ ಇದೆ."

ಅಕ್ಕ ಹಲಗೆಯ ಬಳಿ ಹೋಗಿ ಒಂದು ಚೀಟಿ ಎತ್ತಿದರು. ಎರಡನೇ ವರ್ಷದ ಸಂಖ್ಯಾಶಾಸ್ತ್ರ. ಅದರ ಬೆನ್ನಿಗೆ ಅದೇ ಸೂಜಿಯಲ್ಲಿ ಹಳೆಯ ಸಿಲಬಸ್ಸಿನ ಸಂಖ್ಯಾಶಾಸ್ತ್ರ. ಹೊಸದನ್ನು ಎಲ್ಲಿಗೆ ಒಯ್ದರೂ ಹಳೆಯದು ಜೊತೆಗೆ ಹೋಗುವುದು ರೂಢಿ. ಹಳೆಯದನ್ನು ಮತ್ತೆ ಬರೆಯುವವರು ಸಾಮಾನ್ಯವಾಗಿ ಕಾಲೇಜು ಬಿಟ್ಟು ಹೋದವರು, ಅವರಿಗೆ ಬೇರೆ ಪತ್ರಿಕೆ ಇರುವುದಿಲ್ಲ. ಈ ಸಲ ಅದನ್ನು ಬರೆಯಬೇಕಿದ್ದವಳು ಈ ಹುಡುಗಿಯೊಬ್ಬಳೇ, ಕಾಯಿಲೆಯಿಂದ ಒಂದು ವರ್ಷ ಮನೆಯಲ್ಲಿದ್ದು, ಆ ಪತ್ರಿಕೆ ಬಾಕಿ ಉಳಿಸಿಕೊಂಡು ಮರಳಿದವಳು. ಗುರುವಾರ ಬೆಳಗ್ಗೆ ಅವಳ ಕೊನೆಯ ವರ್ಷದ ಪತ್ರಿಕೆಯೂ ಇತ್ತು.

"ತಪ್ಪು ನಂದೇ ಕಣಮ್ಮ. ನೀನು ಓದ್ಕೋ ಹೋಗು. ಇದನ್ನ ನಾನು ಸರಿ ಮಾಡ್ತೀನಿ."

ಹುಡುಗಿಗೆ ಪರೀಕ್ಷೆಯಿಲ್ಲದ ದಿನ ಶುಕ್ರವಾರ ಒಂದೇ. ಬೆಳಗ್ಗೆ ನಮ್ಮ ಕೋಣೆಗಳಲ್ಲಿ ಬೇರೆ ವಿಭಾಗದ ಪರೀಕ್ಷೆ. ಮಧ್ಯಾಹ್ನ ನಮ್ಮದೇ ಮೊದಲ ವರ್ಷದವರು ಬರೆಯುತ್ತಾರೆ, ಅವರ ನಡುವೆ ಒಂದು ಬೆಂಚು ಸಿಗುತ್ತದೆ. ಅಕ್ಕ ಹಳೆಯ ಚೀಟಿಯನ್ನು ಬಿಡಿಸಿ, ಬೇರೆ ಸೂಜಿಯಲ್ಲಿ, ಶುಕ್ರವಾರ ಮಧ್ಯಾಹ್ನಕ್ಕೆ ಚುಚ್ಚಿದರು. ಅಲ್ಲೇ ನಿಂತರು.

ನನಗೆ ಅರ್ಥವಾಯಿತು. ಪತ್ರಿಕೆ ನಡೆಯುವಾಗ ಆ ವಿಷಯ ಕಲಿಸಿದವರು ಕಾಲೇಜಿನಲ್ಲಿರಬೇಕು, ಪ್ರಶ್ನೆಯಲ್ಲಿ ತಪ್ಪಿದ್ದರೆ ತಿದ್ದಲು. ಆದರೆ ಆ ಕೋಣೆಯ ಕಾವಲಿನ ಡ್ಯೂಟಿ ಅವರದಾಗಬಾರದು.

"ಅಕ್ಕ, ನಾಟಕ?"

"ಅವಳಿಗೆ ಅಭ್ಯಾಸ ಆಗಿದೆ ಬಿಡು," ಎಂದರು. ಸೂಜಿಯ ಡಬ್ಬಿಯ ಮುಚ್ಚಳ ಎರಡು ಸಲ ಹಾಕಿದರೂ ಕೂರಲಿಲ್ಲ.

ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು. ಶಾಲೆ ಬಿಟ್ಟ ಮೇಲೆ ಅಕ್ಕನ ಮಗಳು ಸಾರ್ ಮೇಜಿನ ಬಳಿಯೇ ಕೂತು ಹೋಂವರ್ಕ್ ಮಾಡುವುದು. ನದಿಯ ಮಾತುಗಳನ್ನು ಅವರು ನಮಗಿಂತ ಹೆಚ್ಚು ಕೇಳಿದ್ದರು.

"ಹಳೇ ಸಿಲಬಸ್ಸು ನೀವು ಬರೋಕ್ಮುಂಚೆ ಯಾರು ಪಾಠ ಮಾಡ್ತಿದ್ದಿದ್ದು? ಗೋಡೆನಾ?"

"ನೀವೇ ಸಾರ್. ಆದ್ರೆ ಆ ಕೋಣೆ ಡ್ಯೂಟಿನೂ ನಿಮ್ದೇ."

"ಡ್ಯೂಟಿ ಚೀಟಿ ಕತ್ತರಿಸೋ ಈ ಹುಡುಗಿ ಮಾಡ್ಲಿ. ಇವಳಿಗೆ ಸಂಖ್ಯಾಶಾಸ್ತ್ರ ಬರಲ್ಲ, ಯಾರಿಗೂ ಹೇಳ್ಕೊಡೋ ಭಯ ಇಲ್ಲ. ನಾನು ವರಾಂಡದಲ್ಲಿ ಕೂತಿರ್ತೀನಿ."

"ಅವಳಿಗೆ ಶನಿವಾರ ಬೆಳಗ್ಗೆ ಇದೆ ಸಾರ್. ಎಲ್ರಿಗೂ ಲೆಕ್ಕ ಸಮ ಇರ್ಬೇಕು. ಇದನ್ನ ಅವಳು ತಗೊಂಡ್ರೆ ಅದು ನಿಮ್ಗೆ..."

ಸಾರ್ ಕಿಟಕಿಯಾಚೆ ನೋಡಿದರು. ಒಂದು ನಿದ್ದೆಯನ್ನು ಕಳಿಸಿಕೊಡುವವರ ಮುಖ.

"ಹಾಕಿ ತಾಯಿ. ಮೊದ್ಲು ಆ ಫ್ಯಾನ್ ಹಾಕಿ."

ವಿಭಾಗದ ಮುಖ್ಯಸ್ಥರು ತಿದ್ದಿದ ಪಟ್ಟಿಗೆ ಅಂದೇ ಸಹಿ ಹಾಕಿದರು.

ಶುಕ್ರವಾರ ಆ ಹುಡುಗಿ ಕಿಟಕಿ ಪಕ್ಕದ ಬೆಂಚಿನಲ್ಲಿ ತಲೆ ಎತ್ತದೆ ಬರೆದಳು. ಸಾರ್ ಒಮ್ಮೆ ಒಳಗೆ ಬಂದು "ಪ್ರಶ್ನೆ ಎಲ್ಲಾ ಸರಿ ಇದೆಯಾ?" ಎಂದು ಕೇಳಿದರು. ಇದೆ ಎಂದಾಗ ಕೊಂಚ ನಿರಾಶರಾದಂತೆ ವರಾಂಡದ ಕುರ್ಚಿಗೆ ಮರಳಿದರು. ಡ್ಯೂಟಿ ಮುಗಿಸಿ ನಾನು ವಿಭಾಗಕ್ಕೆ ಮರಳಿದಾಗ ಅಕ್ಕನ ಕುರ್ಚಿ ಖಾಲಿಯಿತ್ತು. ಆ ಖಾಲಿ ಅಂದು ಕಣ್ಣಿಗೆ ತಂಪಾಗಿತ್ತು.

ಶನಿವಾರ ಬೆಳಗ್ಗೆ ಅಕ್ಕ ಮಗಳನ್ನು ಕರೆತಂದರು. ಖಾಲಿ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಹಿಡಿದು ಡ್ಯೂಟಿಗೆ ಹೊರಟಿದ್ದ ಸಾರ್ ಎದುರು ಅವಳು ಕೈಗಳನ್ನು ಅಲೆಯಂತೆ ಆಡಿಸಿ ನಿಂತಳು.

"ತಾತ, ನಿನ್ನೆ ಅಮ್ಮ ಮುಂದಿನ ಸಾಲಲ್ಲೇ ಕೂತಿದ್ಲು. ನಿಮಗೂ ಮಾಡಿ ತೋರಿಸ್ಲಾ?"

"ಬೇಗ ಹರಿ ಮಗಳೇ," ಎಂದರು ಸಾರ್, ನೋಯುವ ಮಂಡಿಯಲ್ಲೇ ಬಾಗಿಲಿಗೆ ಒರಗಿ. "ಇನ್ನೇನು ಬೆಲ್ ಹೊಡೆಯುತ್ತೆ."