ಒಂಬತ್ತರಲ್ಲಿ ಬಿಟ್ಟ ಒಂದು

ಆ ಸಂಜೆ ಬೋರ್ಡಿನಲ್ಲಿ ಇಪ್ಪತ್ತೆಂಟು ಎಂದು ಬರೆದವನು ನಾನೇ. ಮೂವತ್ತು ಬರೆದು ಒರೆಸಿದ್ದೆನೇ? ನೆನಪಿಲ್ಲ. ಆದರೆ ಲೆಕ್ಕದ ಪ್ರಕಾರ ಅದು ಐವತ್ತು ಇರಬೇಕಿತ್ತು ಎಂಬುದು ನೆನಪಿದೆ.

ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದಾಗ, ಕುಂದಾಪುರದ ಒಬ್ಬ ಮೊಬೈಲ್ ಅಂಗಡಿಯವನು ನನ್ನನ್ನು ಕರೆದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಶನಿವಾರ ಸಂಜೆ ಟಿವಿಯ ಫುಟ್‌ಬಾಲ್ ಮೇಲೆ ಕದ್ದು ಬಾಜಿ ನಡೆಯುತ್ತಿತ್ತು. ಗೆದ್ದರೆ ಒಂದು ರೂಪಾಯಿಗೆ ಎಷ್ಟು ರೂಪಾಯಿ ಎಂಬ ದರವನ್ನು ಬೋರ್ಡಿನಲ್ಲಿ ಬರೆಯುವುದು ನನ್ನ ಕೆಲಸ.

ಗೆಲುವು, ಸೋಲು, ಸಮ ಎಂಬ ಸಾದಾ ಬಾಜಿಯಲ್ಲಿ ಅಂಗಡಿಯವನಿಗೆ ಹೆಚ್ಚು ಉಳಿಯುತ್ತಿರಲಿಲ್ಲ. ಎಲ್ಲರ ಮೊಬೈಲಿನಲ್ಲೂ ಹೊರಗಿನ ದರ ಕಾಣುತ್ತಿತ್ತು. ಅವನಿಗೆ ಇಷ್ಟವಾದದ್ದು ಹಾಫ್-ಫುಲ್. ಅರ್ಧ ಆಟಕ್ಕೆ ಮೂರು ಫಲ, ಪೂರ್ತಿ ಆಟಕ್ಕೆ ಮೂರು, ಎರಡನ್ನೂ ಒಟ್ಟಿಗೆ ಹೇಳಬೇಕು. ಹಾಗಾಗಿ ಒಂಬತ್ತು ಮನೆ. ಎರಡರ ಸಾಧ್ಯತೆಯನ್ನು ಸುಮ್ಮನೆ ಗುಣಿಸಿದರೆ ತಪ್ಪುತ್ತದೆ, ಏಕೆಂದರೆ ಮೊದಲರ್ಧದ ಗೋಲು ಕೊನೆಯ ಲೆಕ್ಕದಲ್ಲೂ ಇರುತ್ತದೆ. ಮುಂದಿದ್ದವರೇ ಗೆಲ್ಲುವುದು ಹೆಚ್ಚು, ತಿರುವುಮುರುವಾಗುವುದು ಅಪರೂಪ. ನಾನು ಎರಡೂ ಅರ್ಧದ ಗೋಲುಗಳನ್ನು ಬೇರೆ ಬೇರೆ ಅಂದಾಜು ಮಾಡಿ, ಕೂಡಿಸಿ, ಒಂಬತ್ತು ಮನೆಗೂ ಸಾಧ್ಯತೆ ಹಂಚುತ್ತಿದ್ದೆ. ಒಟ್ಟು ನೂರು. ಆಮೇಲೆ ಪ್ರತಿ ಮನೆಯ ದರವನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದೆ. ನೂರನ್ನು ಬೋರ್ಡಿನ ಒಂದೊಂದು ದರದಿಂದಲೂ ಭಾಗಿಸಿ ಕೂಡಿದರೆ ನೂರರ ಬದಲು ನೂರಾ ಇಪ್ಪತ್ತನಾಲ್ಕು ಬರುತ್ತಿತ್ತು; ಆ ಹೆಚ್ಚಿನದೇ ಅಂಗಡಿಯ ಲಾಭ. ಸಾದಾ ಬಾಜಿಯಲ್ಲಿ ನೂರಾ ಆರು ದಾಟಿಸಲು ಆಗುತ್ತಿರಲಿಲ್ಲ. ಒಂಬತ್ತನ್ನೂ ಕೂಡಿ ನೋಡುವ ತಾಳ್ಮೆ ಯಾರಿಗಿದೆ? ಅಲ್ಲದೆ ಅಪರೂಪದ ಮನೆಯಲ್ಲಿ ನನ್ನ ಅಂದಾಜು ಚೂರು ತಪ್ಪಿದರೂ ಅಂಗಡಿ ಮುಳುಗುತ್ತದೆ. ಹಾಗಾಗಿ ಅಲ್ಲೇ ದರ ಹೆಚ್ಚು ಕೊರೆಯುತ್ತಿದ್ದೆ. ನೂರರಲ್ಲಿ ಎರಡು ಸಲ ಬರುವುದಕ್ಕೆ ಐವತ್ತರ ಬದಲು ಇಪ್ಪತ್ತೆಂಟು. ಜನ ಅದನ್ನೇ ಬಾಯಿ ಬಿಟ್ಟು ನೋಡುತ್ತಿದ್ದರು.

ಬೈಂದೂರಿನ ಕಡೆಯ ದೋಣಿಯವ ಒಬ್ಬ ಬರುತ್ತಿದ್ದ. ನಾನು ಅಣ್ಣ ಎನ್ನುತ್ತಿದ್ದೆ. ಹರಾಜಿನಲ್ಲಿ ಮೀನು ಕೊಳ್ಳುವವರ ಹಾಗೆಯೇ ಅವನ ಬಾಜಿ: ಬುಟ್ಟಿಯಲ್ಲಿ ಏನಿದೆಯೋ ಗೊತ್ತಿಲ್ಲದಾಗ ಎಲ್ಲ ಬುಟ್ಟಿಯನ್ನೂ ಕೊಳ್ಳುವುದು, ಒಂದರಲ್ಲಿ ದುಬಾರಿ ಅಂಜಲ್ ಇದ್ದರೆ ಉಳಿದವುಗಳ ಅಗ್ಗದ ಬೂತಾಯಿಯ ನಷ್ಟ ತುಂಬುತ್ತದೆ. ಒಂಬತ್ತು ಮನೆಗೂ ಸಾವಿರ ಸಾವಿರ ಹಾಕುತ್ತಿದ್ದ.

"ಒಂಬತ್ತೂ ತಕಂಡ್ರೆ ಒಂದ್ ಬರ್ಲೇಬೇಕಲ್ದಾ ಮಾಸ್ಟ್ರೆ?"

ಬರುತ್ತಿತ್ತು. ಮೊದಲ ವಾರವೇ ಹದಿನೈದರ ಮನೆ ಬಂದು ಹದಿನೈದು ಸಾವಿರ ಎಣಿಸಿಕೊಂಡ. ಆಮೇಲಿನ ವಾರಗಳಲ್ಲಿ ಮೂರರದು, ಐದರದು. ಒಂಬತ್ತು ಕೊಟ್ಟು ಮೂರೋ ಐದೋ ಪಡೆದು ಹೋಗುತ್ತಿದ್ದ. ಅಂಗಡಿಯವ ಅವನಿಗೆ ಕುರ್ಚಿ ಹಾಕಿಸುತ್ತಿದ್ದ. ನಾನು ನಗುತ್ತಿದ್ದೆ.

ಕೊನೆಯ ಶನಿವಾರ ಅವನ ಎಂಜಿನ್ ಗ್ಯಾರೇಜಿನಲ್ಲಿತ್ತು. ಬಿಡಿಸಲು ಇಪ್ಪತ್ತು ಸಾವಿರ. ಸೋಮವಾರ ಕೊಡದಿದ್ದರೆ ಮಾರುತ್ತೇನೆಂದು ಮೆಕ್ಯಾನಿಕ್ ಹೇಳಿದ್ದನಂತೆ. ಜೇಬಿನಲ್ಲಿದ್ದದ್ದು ಎಂಟು ಸಾವಿರ, ಒಂಬತ್ತು ಮನೆಗೆ ಒಂದು ಸಾವಿರ ಕಡಿಮೆ.

"ಒಂದ್ ಬಿಡ್ಕಾತ್ತ್. ಸಮ-ಸಮ ಬಿಡ್ತೆ," ಎಂದ.

"ಅದ್ ಬೇಡ ಅಣ್ಣ. ಇಪ್ಪತ್ತೆಂಟರದ್ದ್ ಬಿಡಿ. ಬೋರ್ಡಲ್ಲಿ ಅದೇ ಎಲ್ಲಕ್ಕಿಂತ ಮೋಸದ್ ದರ."

ಅವನು ಕೇಳಿದ್ದನೋ, ನಾನಾಗಿಯೇ ಹೇಳಿದೆನೋ? ಕರುಣೆಯಿಂದ ಹೇಳಿದೆ ಎಂದು ಬಹುಕಾಲ ನಂಬಿದ್ದೆ. ಈಗ ಅನಿಸುವುದು ಬೇರೆ: ನನ್ನ ಓದು ಒಬ್ಬನ ಎದುರಾದರೂ ಸರಿ ಎನಿಸಿಕೊಳ್ಳಲಿ ಎಂಬ ಆಸೆ.

"ನೀವ್ ಓದ್ದವ್ರ್, ನಿಮ್ಗ್ ಗೊತ್ತಿರತ್ತ್," ಎಂದು ಅವನು ಆ ಮನೆ ಬಿಟ್ಟು ಉಳಿದ ಎಂಟಕ್ಕೆ ಹಾಕಿದ.

ಅರ್ಧಕ್ಕೆ ತವರಿನ ತಂಡ ಒಂದು ಗೋಲು ಮುಂದಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಎದುರಾಳಿ ಎರಡು ಹೊಡೆಯಿತು. ಆ ಇಪ್ಪತ್ತೆಂಟರ ಮನೆಯೇ.

ಕೋಣೆಯಲ್ಲಿ ಯಾರೋ, "ಹ್ವಾಯ್, ಅಂಜಲ್ ಇದ್ದ್ ಬುಟ್ಟಿನೇ ಬಿಟ್ಯಲೆ ಮಾರಾಯಾ!" ಎಂದು ಕೂಗಿದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಅಂಗಡಿಯವ ನನ್ನ ಬೆನ್ನು ತಟ್ಟಿ ಬಿರಿಯಾನಿ ತರಿಸಿದ. ನಾನು ತಿಂದೆ.

ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವನಿಗೆ ಬೇಕಾದದ್ದು ಒಳ್ಳೆಯ ದರವಲ್ಲ, ಇಪ್ಪತ್ತು ಸಾವಿರ. ಬೋರ್ಡಿನಲ್ಲಿ ಸಾವಿರಕ್ಕೆ ಅಷ್ಟು ಕೊಡುತ್ತಿದ್ದದ್ದು ಎರಡೇ ಮನೆ, ಎರಡೂ ತಿರುವುಮುರುವಿನವು: ಒಂದು ಇಪ್ಪತ್ತು, ಇನ್ನೊಂದು ಇಪ್ಪತ್ತೆಂಟು. ಉಳಿದ ಏಳರಲ್ಲಿ ಯಾವುದು ಬಂದರೂ ಎಂಜಿನ್ ಹೋಗುತ್ತಿತ್ತು. ಇದ್ದ ಎರಡು ಬಾಗಿಲಲ್ಲಿ ಒಂದನ್ನು ನಾನು ಮುಚ್ಚಿಸಿದ್ದೆ.

ಸೋಮವಾರ ಎಂಜಿನ್ ಮಾರಿಹೋಯಿತು. ಅವನೀಗ ಬೇರೆಯವರ ದೋಣಿಯಲ್ಲಿ ಬಲೆ ಎಳೆಯುತ್ತಾನೆ. ನಾನು ಆ ಕೋಣೆ ಬಿಟ್ಟು ಬ್ರಹ್ಮಾವರದಲ್ಲಿ ಪಾಠ ಹೇಳುತ್ತೇನೆ. ಅವನು ನನ್ನನ್ನು ಬೈದರೆ ಹಗುರಾಗುತ್ತಿತ್ತು. ಆದರೆ ಪ್ರತಿ ಶನಿವಾರ ಮಧ್ಯಾಹ್ನ ಫೋನು ಮಾಡುತ್ತಾನೆ, ಅದೇ ಗೌರವದಿಂದ:

"ಮಾಸ್ಟ್ರೆ, ಈ ವಾರ ಯಾವ್ದ್ ಬಿಡುದ್?"