ಕೂದಲಕ್ಕ ಅಳಿಸಿದ ಆಲ್ಬಂ

ಅವಳನ್ನು ಎಲ್ಲರೂ ಕೂದಲಕ್ಕ ಎಂದೇ ಕರೆಯುತ್ತಿದ್ದರು. ಕಾಯಿಲೆಯಿಂದಲೋ ಔಷಧದಿಂದಲೋ ಕೂದಲು ಕಳೆದುಕೊಂಡವರಿಗೆ ವಿಗ್ ಮಾಡಿಕೊಡುವುದು ಅವಳ ಕಸುಬು. ಔಷಧದಂಗಡಿಯ ಮೇಲೆ ಒಂದೇ ಕೋಣೆ, ಕಿಟಕಿಯ ಪಕ್ಕ ಮರದ ತಲೆಗಳ ಸಾಲು, ಬಾಗಿಲಿಗೆ ದಪ್ಪ ಪರದೆ. ವಿಗ್ಗಿನ ತಳದ ಬಲೆಯ ಒಂದೊಂದು ಕಣ್ಣಿಗೂ ಒಂದೊಂದು ಎಳೆ ಗಂಟು ಹಾಕಿ ಹಾಕಿ ಅವಳ ಬೆನ್ನು ಬಾಗಿತ್ತು. ಬಂದವರು ತಲೆಯ ಬಟ್ಟೆ ಬಿಚ್ಚುವಾಗ ಅವಳು ಬೆನ್ನು ತಿರುಗಿಸಿ, ಎದುರಿಗೇ ಇದ್ದ ಬಾಚಣಿಗೆಯನ್ನು ಹುಡುಕುವವಳಂತೆ ನಿಲ್ಲುತ್ತಿದ್ದಳು. ಆ ನಯಕ್ಕೇ ಜನ ಅವಳನ್ನು ಕೇಳಿಕೊಂಡು ಬರುತ್ತಿದ್ದರು.

ಹೊಸಬರಿಗೆ ಧೈರ್ಯ ಬರಲಿ ಎಂದು ಅವಳು ಫೋನಿನಲ್ಲಿ ಒಂದು ಆಲ್ಬಂ ಮಾಡಿದ್ದಳು. ಮೊದಲು ಬೋಳು ತಲೆ, ಆಮೇಲೆ ವಿಗ್ ತೊಟ್ಟ ಮುಖ. ಎಲ್ಲರನ್ನೂ ಕೇಳಿಯೇ ಹಾಕಿದ ಜೋಡಿ ಚಿತ್ರಗಳು. ವಿಚಾರಿಸಿದವರಿಗೆಲ್ಲ ಚಾಟಿನಲ್ಲಿ ಲಿಂಕ್ ಕಳಿಸುತ್ತಿದ್ದಳು. ಆಲ್ಬಮ್ಮಿನ ಮುಖಚಿತ್ರದಲ್ಲಿದ್ದವಳು ಒಬ್ಬ ಟೀಚರು. ರಜೆಯಲ್ಲಿದ್ದಾಗ "ಹಾಕ್ಕೊಳ್ಳಿ" ಎಂದಿದ್ದ ಆಕೆ, ವಿಗ್ ತೊಟ್ಟು ಹೊಸ ಶಾಲೆಗೆ ಸೇರಿದ ಮೇಲೆ "ತೆಗೆದುಬಿಡಿ ಅಕ್ಕಾ, ಅಲ್ಲಿ ಯಾರಿಗೂ ಗೊತ್ತಿಲ್ಲ" ಎಂದಿದ್ದಳು.

"ಅಯ್ಯೋ, ಅಷ್ಟೇ ತಾನೇ!" ಎಂದ ಕೂದಲಕ್ಕ ಹಳೆಯ ಚಾಟುಗಳನ್ನೆಲ್ಲ ಒಂದೊಂದಾಗಿ ತೆರೆದು ಲಿಂಕಿನ ಮೆಸೇಜು ಅಳಿಸಿದಳು. ಹಳೆಯವಾದ್ದರಿಂದ ಅವು ಅಳಿದದ್ದು ಅವಳ ಫೋನಿನಲ್ಲಿ ಮಾತ್ರ. ಆಲ್ಬಂ ಹಾಗೇ ಇತ್ತು, ಲಿಂಕೂ ಜೀವಂತವಾಗಿತ್ತು. ಅವಳು ಮಾತ್ರ ತೆಗೆದಾಯಿತು ಎಂದು ಟೀಚರಿಗೆ ತಿಳಿಸಿ, ನಿಶ್ಚಿಂತೆಯಾಗಿ ಹೊಸ ಆಲ್ಬಂ ಶುರುಮಾಡಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಟೀಚರು ಬಂದಳು. ಕೂತುಕೊಳ್ಳದೆ ಫೋನು ಮುಂದೆ ಹಿಡಿದಳು. ಅದೇ ಲಿಂಕು. ಕೆಳಗೆ ತರಗತಿಯ ಹುಡುಗಿಯೊಬ್ಬಳ ತಾಯಿ ಬರೆದಿದ್ದಳು: ‘ನಮ್ಮ ಚಿಕ್ಕಮ್ಮನ ಫೋನಲ್ಲಿತ್ತು ಟೀಚರ್. ನಿಮ್ಮ ಧೈರ್ಯ ನೋಡಿ ಕಣ್ಣೀರೇ ಬಂತು.’

"ತೆಗೆದಿದ್ದೀನಿ ಅಂದ್ರಲ್ಲ ಅಕ್ಕಾ?"

"ಎಲ್ಲಾ ಮೆಸೇಜೂ ಅಳಿಸಿದ್ದೆ ಕಣಮ್ಮಾ, ನಿನ್ನಾಣೆ..."

ಮೂಲೆಯಲ್ಲಿ ಕೂದಲು ಬಿಡಿಸುತ್ತಿದ್ದ ನಾದಿನಿ ತಲೆ ಎತ್ತಿದಳು. "ಅತ್ತಿಗೇ, ಮನೆ ವಿಳಾಸ ಬರೆದ ಚೀಟಿ ಹರಿದು ಹಾಕಿ ಮನೆ ಬಾಗಿಲು ತೆಗೆದೇ ಇಟ್ಟಿದ್ದೀರಲ್ಲ! ಕೊಡಿ ಇಲ್ಲಿ."

"ಬೇಗ ಮಾಡಿ," ಎಂದಳು ಟೀಚರು. "ಇನ್ನೂ ಪೋಷಕರ ಗುಂಪಿಗೆ ಹೋಗಿಲ್ಲ. ಹೋದ್ರೆ ಮುಗೀತು. ಮಕ್ಕಳು ನನ್ನ ಮುಖ ನೋಡೋಲ್ಲ, ತಲೇನೇ ನೋಡ್ತಾರೆ."

ನಾದಿನಿ ಆಲ್ಬಮ್ಮಿನ ಹಂಚಿಕೆಯ ಸೆಟ್ಟಿಂಗ್ ತೆರೆದು ಲಿಂಕ್ ನಿಲ್ಲಿಸಿದಳು. ಸೇರಿಕೊಂಡಿದ್ದವರ ಹೆಸರುಗಳು ಕಾಣಿಸಿದವು. ಅರ್ಧದಷ್ಟು ಜನ ಯಾರೆಂದೇ ಕೂದಲಕ್ಕನಿಗೆ ತಿಳಿಯಲಿಲ್ಲ. ನಾದಿನಿ ಅವರನ್ನೆಲ್ಲ ತೆಗೆದು, ಕೊನೆಗೆ ಆಲ್ಬಮ್ಮನ್ನೇ ಅಳಿಸಿದಳು.

"ಬೇರೆ ಎಲ್ಲಾದ್ರೂ ಇದ್ಯಾ ಅತ್ತಿಗೆ? ನೆನಪು ಮಾಡ್ಕೊಳ್ಳಿ."

ಇತ್ತು. ಅಳತೆಗೆಂದು ತೆಗೆದ ತಲೆಯ ಫೋಟೋಗಳ ಫೋಲ್ಡರ್ ಒಂದನ್ನು ಬಲೆ ಹೊಲಿಯುವವನಿಗೆ ಕಳಿಸಿದ್ದಳು. ಅದೂ ‘ಲಿಂಕ್ ಇರುವ ಯಾರಾದರೂ’ ನೋಡಬಹುದು ಎಂದಿತ್ತು. ನಾದಿನಿ ಅದನ್ನು ‘ನಿರ್ಬಂಧಿತ’ ಎಂದು ಬದಲಿಸಿ, ಅವನ ಹೆಸರನ್ನೂ ತೆಗೆದಳು.

ಟೀಚರು ತನ್ನ ಫೋನಿನಿಂದ ಲಿಂಕ್ ಒತ್ತಿದಳು. ಆಲ್ಬಂ ಸಿಗುತ್ತಿಲ್ಲ ಎಂದು ಬಂತು. ಆಗ ಕೂತಳು. ಕೂದಲಕ್ಕ ನೀರು ಕೊಟ್ಟಳು.

"ಯಾರಾದ್ರೂ ಮೊದಲೇ ಇಳಿಸಿಕೊಂಡಿದ್ರೆ?"

"ಅದು ನಮ್ಮ ಕೈಲಿಲ್ಲ," ಎಂದಳು ನಾದಿನಿ.

ಟೀಚರು ಫೋನಿನಲ್ಲಿ ಆ ತಾಯಿಯ ಚಾಟಿಗೆ ಮರಳಿದಳು, ಕಣ್ಣು ಅಲ್ಲೇ ನಿಂತಿತು. ಲಿಂಕ್ ಸತ್ತಿತ್ತು, ಅದರ ಮೇಲಿನ ಚಿಕ್ಕ ಚಿತ್ರ ಸತ್ತಿರಲಿಲ್ಲ. ಹೆಬ್ಬೆರಳ ಗಾತ್ರದಲ್ಲಿ ಅವಳದೇ ಬೋಳು ತಲೆ, ಅವಳದೇ ನಗು.

"ಇದು?"

"ಅದು ಮೆಸೇಜಿನ ಜೊತೆಗೇ ಅವರವರ ಫೋನಿಗೆ ಹೋಗಿರುತ್ತೆ," ನಾದಿನಿಯ ದನಿ ಇಳಿಯಿತು. "ಅವರವರೇ ಅಳಿಸಬೇಕು."

"ಆ ತಾಯಿಗೆ ನಾನೇ ಫೋನ್ ಮಾಡಿ ಕೇಳ್ಲಾ?" ಎಂದಳು ಕೂದಲಕ್ಕ.

"ಬೇಡ. ಒಳ್ಳೇ ಮನಸ್ಸಿನವರು. ಕೇಳಿದ್ರೆ ಇನ್ನೂ ನಾಲ್ಕು ಜನರ ಮುಂದೆ ನನ್ನ ಹೊಗಳ್ತಾರೆ."

ಅಷ್ಟರಲ್ಲಿ ಟೀಚರ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಪೋಷಕರ ಗುಂಪು. ಅದೇ ತಾಯಿ, ಅದೇ ಲಿಂಕು, ಅದೇ ಚಿಕ್ಕ ಚಿತ್ರ. ‘ನಮ್ಮ ಟೀಚರ್ ಆಲ್ಬಂ ಅತ್ತೆಗೆ ತೋರಿಸೋಣ ಅಂದ್ರೆ ಇದ್ದಕ್ಕಿದ್ದಂತೆ ತೆರೀತಿಲ್ಲ. ನಿಮಗ್ಯಾರಿಗಾದ್ರೂ ತೆರೆಯುತ್ತಾ ನೋಡಿ.’

ಉತ್ತರಗಳು ಬರತೊಡಗಿದವು.

‘ನನಗೂ ತೆರೀತಿಲ್ಲ.’

‘ಫೋಟೋದಲ್ಲಿರೋದು ನಮ್ಮ ಟೀಚರೇನಾ?’

‘ಹಾಗಾದ್ರೆ ಈಗಿರೋ ಕೂದಲು?’

ಟೀಚರು ಫೋನನ್ನು ಮಗುಚಿಟ್ಟಳು. ಎದ್ದು ಕನ್ನಡಿಯ ಮುಂದೆ ನಿಂತು ತಲೆಗೆ ಕೈ ಹಾಕಿದಳು. ವಿಗ್ ಒಂದು ಕಡೆ ಜಾರಿತ್ತು. ಸರಿಮಾಡಲು ಕೂದಲಕ್ಕ ಅಭ್ಯಾಸಬಲದಿಂದ ಕೈ ಚಾಚಿದಳು.

"ಮುಟ್ಟಬೇಡಿ," ಎಂದಳು ಟೀಚರು.

ತಾನೇ ಸರಿಮಾಡಿಕೊಂಡಳು. ಬೈತಲೆ ಇನ್ನೂ ಸ್ವಲ್ಪ ಓರೆಯಾಗಿತ್ತು. ಅದನ್ನು ಹೇಳುವ ಧೈರ್ಯ ಕೂದಲಕ್ಕನಿಗೆ ಬರಲಿಲ್ಲ.