ನಡುವಿನ ಜಾಗ

ನನ್ನ ಹೆಂಡತಿ ಫೋಟೊಗಳಲ್ಲಿ ಯಾವಾಗಲೂ ಬಲಗಡೆಯ ತುದಿಯಲ್ಲೇ ನಿಲ್ಲುತ್ತಿದ್ದಳು. ಒಲೆಯ ಮೇಲೆ ಏನಾದರೂ ಇದ್ದರೆ ಬೇಗ ಹೊರಡಬಹುದು ಅನ್ನುವುದು ಅವಳ ಲೆಕ್ಕ. ತೀರಿಕೊಂಡ ಮೇಲೆ ಹುಡುಕಿದಾಗ ಮುಖ ಸರಿಯಾಗಿ ಕಾಣುವ ಫೋಟೊ ಸಿಕ್ಕಿದ್ದು ಒಂದೇ. ನಾದಿನಿಯ ಮದುವೆಯಲ್ಲಿ ತೆಗೆದದ್ದು. ಅದರಲ್ಲೂ ತುದಿಯಲ್ಲೇ ಇದ್ದಳು.

ಅವಳ ತಿಥಿಯ ಶಿವಗಣಾರಾಧನೆಗೆ ಜನರನ್ನು ಕರೆಯುವ ಜವಾಬ್ದಾರಿಯನ್ನು ನನ್ನ ಅಣ್ಣ ವಹಿಸಿಕೊಂಡ. ತಿಪಟೂರಿನಲ್ಲಿ ಅವನದು ಕೊಬ್ಬರಿ ಮಂಡಿ. ಮುಂದಿನ ಚುನಾವಣೆಗೆ ನಿಲ್ಲುವ ಆಸೆಯೂ ಇದೆ. ಅದಕ್ಕಾಗಿ ಫೋನಿನಲ್ಲಿ ಒಂದು ಪೇಜ್ ಇಟ್ಟುಕೊಂಡಿದ್ದಾನೆ. ನಾನು ಬೇಡಿದ್ದು ಎರಡೇ: ಅವಳ ಮುಖ ಕಾಣಬೇಕು, ಎಲ್ಲಿ ಯಾವಾಗ ಅನ್ನುವುದು ತಿಳಿಯಬೇಕು.

ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಹೆಣ್ಣುಮಗಳು ಊರ ಬಾಗಿಲಿಗೆ ನಿಲ್ಲಿಸಲು ಉದ್ದನೆಯ ಫ್ಲೆಕ್ಸ್ ಮಾಡಿಕೊಟ್ಟಳು. ಅಣ್ಣ ಹೇಳಿದಂತೆಯೇ ಮಾಡಿದ್ದಳು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ನಡುವೆ ಕೈಮುಗಿದ ಅಣ್ಣ, ಅವನ ಸುತ್ತ ದುಃಖತಪ್ತರಾದ ಹನ್ನೊಂದು ನೆಂಟರು. ಕೆಳಗೆ ಬಲಮೂಲೆಯಲ್ಲಿ ನನ್ನ ಹೆಂಡತಿ. ಅವಳ ಪಕ್ಕದಲ್ಲಿ ಸ್ಥಳ, ಸಮಯ. ಅಣ್ಣ ಅದನ್ನೇ ಹಾಡು ಸೇರಿಸಿ ರೀಲ್ ಮಾಡಿಸಿ ನನ್ನ ಫೋನಿಗೂ ಕಳಿಸಿದ. ತೆರೆದು ನೋಡಿದೆ, ಎಲ್ಲ ಕಾಣುತ್ತಿತ್ತು. ಪೇಜಿಗೆ ಹಾಕು ಅಂದೆ.

ಮಾರನೆಯ ದಿನ ನೊಣವಿನಕೆರೆಯಿಂದ ನಾದಿನಿ ಫೋನ್ ಮಾಡಿದಳು.

"ಭಾವ, ಅದ್ರಾಗೆ ನಮ್ಮಕ್ಕ ಎಲ್ಲವ್ಳೆ?"

"ಕೆಳಗೆ ಮೂಲೇಲಿ ನೋಡವ್ವ."

"ಮೂಲೇಲಿ ಹಾರ್ಟು ಐತೆ ಭಾವ. ನಾನು ನಿಮ್ಮಣ್ಣನೇ ಹೋದ್ರೇನೋ ಅನ್ಕಂಡೆ."

ಪೇಜ್ ತೆರೆದು ನೋಡಿದೆ. ಲೈಕ್ ಒತ್ತುವ ಹೃದಯ ಅವಳ ಹಣೆಯ ಮೇಲೆ ಕುಳಿತಿತ್ತು. ಕಮೆಂಟಿನ ಗುಳ್ಳೆ ಬಾಯಿ ಮುಚ್ಚಿತ್ತು. ಶೇರ್ ಮಾಡುವ ಬಾಣ ಕತ್ತಿನಲ್ಲಿತ್ತು. ಸ್ಥಳ, ಸಮಯದ ಮೇಲೆ ಅಣ್ಣನ ಪೇಜಿನ ಹೆಸರು, ಅದರ ಕೆಳಗೆ ಅವನೇ ಬರೆದ ಸಾಲು: 'ದುಃಖದಲ್ಲೂ ನಿಮ್ಮ ಸೇವೆಗೆ ಸದಾ ಸಿದ್ಧ.' ಶ್ರದ್ಧಾಂಜಲಿ ಎಂಬ ಅಕ್ಷರಗಳಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದ ದೊಡ್ಡ ಮುಖ ಅವನೊಬ್ಬನದೇ.

ಮಂಡಿಗೆ ಹೋಗಿ ಹೇಳಿದೆ. ತೆಗೆಯಲು ಅಣ್ಣನಿಗೆ ಮನಸ್ಸಿಲ್ಲ. "ಲೈಕು ಚೆನ್ನಾಗಿ ಬತ್ತಾ ಐತೆ ಕಣ್ಲಾ. ಇರ್ಲಿ ಬುಡು."

ಅಷ್ಟರಲ್ಲಿ ಶೆಟ್ಟಿಕೆರೆಯ ಹಳೆಯ ಗಿರಾಕಿಯೊಬ್ಬರು ಹಾರ ಹಿಡಿದುಕೊಂಡು ಒಳಗೆ ಬಂದರು. ಗದ್ದಿಗೆಯ ಮೇಲೆ ಅಣ್ಣನನ್ನು ಕಂಡು ಬಾಗಿಲಲ್ಲೇ ನಿಂತರು. ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಕೊಬ್ಬರಿ ಚೀಲದ ಮೇಲಿಟ್ಟರು.

"ಚೆನ್ನಾಗಿದೀರಾ ಸಾವ್ಕಾರ್ರೆ?" ಅಂದರು.

ಅಣ್ಣ ಚೆನ್ನಾಗಿದ್ದೇನೆ ಅಂದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಡೀಲಾ ಫ್ಲೆಕ್ಸ್ ಅಂಗ್ಡಿಗೆ" ಅಂದ.

ಅಂಗಡಿಯ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಕೆಂಪು ಬಣ್ಣ ಹರಡಿ ತೋರಿಸಿದಳು. ತಲೆಯ ಮೇಲೆ ಒಂದಿಷ್ಟು, ಕೆಳಗೆ ಸುಮಾರು ಮೂರನೇ ಒಂದು ಪಾಲು, ಬಲಗಡೆ ಉದ್ದಕ್ಕೆ ಒಂದು ಪಟ್ಟಿ.

"ಕೆಂಪು ಇರೋ ಕಡೆ ಬಟನ್ನೂ ಬರಹಾನೂ ಬಂದು ಕೂರ್ತವೆ. ಫೈಲ್ ಬರೀ ಹಂಗೇ ನೋಡಿದ್ರೆ ಅವು ಇರಲ್ಲ, ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ. ಮುಖ, ಜಾಗ, ಟೈಮು ಎಲ್ಲಾ ಈ ನಡುವೆನೇ ಬರಬೇಕು."

"ಹಾಕಿರೋದ್ನೇ ಸರಿ ಮಾಡಕ್ಕಾಗಲ್ವೇನವ್ವ?" ಅಂದ ಅಣ್ಣ.

"ಬರಹ ಬದಲಾಯಿಸ್ಬೋದು ಅಣ್ಣಾವ್ರೆ, ವಿಡಿಯೊ ಆಗಲ್ಲ. ಅದ್ನ ಅಳಿಸಿ ಹೊಸದು ಹಾಕ್ಬೇಕು. ಲೈಕೂ ಅದರ ಜೊತೆಗೇ ಹೋಯ್ತವೆ."

ಅಣ್ಣ ಒಂದು ನಿಮಿಷ ಮೌನ ಆಚರಿಸಿದ. ನನ್ನ ಹೆಂಡತಿಗೂ ಅವನು ಅಷ್ಟು ಹೊತ್ತು ಆಚರಿಸಿರಲಿಲ್ಲ.

"ಮತ್ತೆ ನಾವು ಹನ್ನೆರಡು ಜನ?"

"ನಡುವೆ ಅಷ್ಟು ಜನ ಹಿಡಿಯಲ್ಲ. ತೆಗೆದುಬಿಡ್ಲಾ? ಇಲ್ಲಾ ಕೆಳಗಿನ ಕೆಂಪಲ್ಲಿ ಸಾಲಾಗಿ ಕೂರಿಸ್ತೀನಿ."

"ಅಲ್ಲಿ ಕಾಣಲ್ವಲ್ಲ?"

"ಫೈಲಲ್ಲಿ ಕಾಣ್ತೀರ."

ಕೊಬ್ಬರಿ ಚೀಲದ ಮೇಲಿನ ಹಾರ ನೆನಪಾಯಿತೋ ಏನೋ, ಅಣ್ಣ ಕೆಳಗೇ ಕೂರಿಸು ಅಂದ.

ಅವಳು ಮದುವೆಯ ಫೋಟೊ ತೆರೆದು ನನ್ನ ಹೆಂಡತಿಯನ್ನು ಗುಂಪಿನಿಂದ ಬಿಡಿಸಿ ನಡುವೆ ತಂದಳು. ಮುಖದ ಕೆಳಗೆ, ಕೆಂಪು ಶುರುವಾಗುವ ಮೊದಲೇ, ಸ್ಥಳ, ಸಮಯ ಬರೆದಳು. ಆಮೇಲೆ ಪರದೆಯ ಬುಡದಲ್ಲಿ ಬೆರಳಿಟ್ಟಳು. ನನ್ನ ಹೆಂಡತಿಯ ಮೊಣಕೈಯನ್ನು ಹಿಡಿದ ಒಂದು ಕೈ ಅಲ್ಲಿ ಉಳಿದುಕೊಂಡಿತ್ತು.

"ಯಾರದೋ ಕೈ ಬಂದೈತೆ. ಅಳಿಸ್ಲಾ?"

ಅದು ನನ್ನದು. ಅವತ್ತು ಮದುವೆಯಲ್ಲಿ ಹೆಂಡತಿ ಫೋಟೊದಿಂದ ಹೊರಗೇ ಉಳಿಯುತ್ತಾಳೆಂದು ಈಚೆಗೆ ಎಳೆದಿದ್ದೆ. ಎಳೆದರೂ ಬಂದದ್ದು ತುದಿಯವರೆಗೆ ಮಾತ್ರ.

"ಇರ್ಲಿ ಬುಡವ್ವ."

"ಪೇಜಿನ ಹೆಸರು ಅದರ ಮೇಲೇ ಬತ್ತದೆ. ಕಾಣಲ್ಲ."

"ಕಾಣದೇ ಇರ್ಲಿ" ಅಂದೆ.

ಸಂಜೆ ನಾದಿನಿ ಮತ್ತೆ ಫೋನ್ ಮಾಡಿ, ಅಕ್ಕ ಕಾಣುತ್ತಾಳೆ ಅಂದಳು.